ಎರಡೂಕಾಲು ವರ್ಷ, ಎರಡು ಡೇಕೇರ್: ಫೀಸಿನ ಹಿಂದಿನ ಲೆಕ್ಕ

ಮಗಳಿಗೆ ಹದಿನಾಲ್ಕು ತಿಂಗಳಾದಾಗ ಡೇಕೇರಿಗೆ ಸೇರಿಸಿದೆವು. ಈಗ ಅವಳಿಗೆ ಮೂರೂವರೆ. ಮೊದಲ ಒಂಬತ್ತು ತಿಂಗಳು ಬನಶಂಕರಿಯಲ್ಲಿ ನಮ್ಮ ಹಿಂದಿನ ರಸ್ತೆಯಲ್ಲೇ, ಒಬ್ಬರು ಮನೆಯ ಕೆಳಮಹಡಿಯಲ್ಲಿ ನಡೆಸುವ ಚಿಕ್ಕ ಡೇಕೇರ್. ಆಮೇಲಿಂದ ಇವತ್ತಿನವರೆಗೆ ಜಯನಗರದ ಕಡೆಯ ದೊಡ್ಡದೊಂದು. ಎರಡರ ಹೆಸರೂ ಬರೆಯುವುದಿಲ್ಲ, ಕೇಳಬೇಡಿ.

ಮೊದಲನೆಯದನ್ನು ಆರಿಸಿದ್ದೇ ಫೀಸು ನೋಡಿ. ಬೆಳಿಗ್ಗೆ 9ರಿಂದ ಸಂಜೆ 5:30, ತಿಂಗಳಿಗೆ 9,500 ರೂಪಾಯಿ. ಊಟ ನಾವೇ ಕಳಿಸಬೇಕು. ದೊಡ್ಡದರಲ್ಲಿ 8:30ರಿಂದ 6:30, 14,500 ರೂಪಾಯಿ, ಊಟಕ್ಕೆ ಬೇರೆ 2,800. ಒಟ್ಟು 7,800 ವ್ಯತ್ಯಾಸ. ಸುಮ್ನೆ ಯಾಕೆ ಕೊಡೋದು ಅಂದುಕೊಂಡೆ.

ನನ್ನ ಆಫೀಸು ಕೋರಮಂಗಲದಲ್ಲಿ. ಐದಕ್ಕೇ ಎದ್ದು ಹೊರಟರೂ ಡೈರಿ ಸರ್ಕಲ್ ದಾಟಿ ಬನಶಂಕರಿ ಮುಟ್ಟುವ ಹೊತ್ತಿಗೆ 6:20. ನಾನು ಆಫೀಸಿಗೆ ಹೋಗುತ್ತಿದ್ದುದು ತಿಂಗಳಿಗೆ ಸುಮಾರು ಹನ್ನೆರಡು ದಿನ. ಹತ್ತು ನಿಮಿಷ ತಡವಾದರೆ ಸುಮ್ಮನಿರುತ್ತಿದ್ದರು, ಅದಾದ ಮೇಲೆ ಪ್ರತಿ ಅರ್ಧ ಗಂಟೆಗೆ 150. ಅಂದರೆ ದಿನಕ್ಕೆ 300, ತಿಂಗಳಿಗೆ 3,600. ವರ್ಷಕ್ಕೊಮ್ಮೆ ಕಟ್ಟಿದ 6,000 ಅಡ್ಮಿಶನ್ ಫೀಯನ್ನು ಹನ್ನೆರಡು ತಿಂಗಳಿಗೆ ಹಂಚಿದರೆ 500. ಕೈಯಿಂದ ಹೋಗುತ್ತಿದ್ದದ್ದು 9,500 ಅಲ್ಲ, 13,600. ತಿಂಗಳಿಗೆ 22 ದಿನ, ತಡವಾದ ಹೊತ್ತೂ ಸೇರಿ ಮಗು ಅಲ್ಲಿರುತ್ತಿದ್ದದ್ದು ಸುಮಾರು 197 ಗಂಟೆ. ಗಂಟೆಗೆ 69 ರೂಪಾಯಿ ಬಿತ್ತು.

ದೊಡ್ಡದರಲ್ಲಿ ಅಡ್ಮಿಶನ್ ಫೀ 15,000, ಹಂಚಿದರೆ ತಿಂಗಳಿಗೆ 1,250. ಊಟವೂ ಸೇರಿ 18,550. ಅದೇ 197 ಗಂಟೆಗೆ ಭಾಗಿಸಿದರೆ ಗಂಟೆಗೆ 94. ನಾವು ಬೆಳಿಗ್ಗೆ ಒಂಬತ್ತಕ್ಕೇ ಬಿಡುವುದು, ಆ ಮೊದಲ ಅರ್ಧ ಗಂಟೆ ನಮಗೆ ದಂಡ. ಆದರೂ ನಿಜವಾದ ವ್ಯತ್ಯಾಸ 7,800 ಅಲ್ಲ, 4,950. ಅದರಲ್ಲಿ ಊಟದ 2,800 ತೆಗೆದರೆ ಉಳಿಯುವುದು 2,150.

ಈ 2,150 ಯಾತಕ್ಕೆ? ಮಗು ನೋಡಿಕೊಳ್ಳುವವರ ಸಂಖ್ಯೆಗೆ. ಡೇಕೇರಿನ ಖರ್ಚಿನಲ್ಲಿ ಬಾಡಿಗೆ ಬಿಟ್ಟರೆ ದೊಡ್ಡದು ಸಂಬಳವೇ. ಒಬ್ಬ ಆಯಾಗೆ ತಿಂಗಳಿಗೆ 15,000 ಅಂತ ಇಟ್ಟುಕೊಳ್ಳಿ. ಮೊದಲನೆಯ ಕಡೆ ಇದ್ದಂತೆ ಒಂಬತ್ತು ಮಕ್ಕಳ ಮೇಲೆ ಹಂಚಿದರೆ ಮಗುವಿಗೆ 1,670ರ ಆಸುಪಾಸು, ದೊಡ್ಡದರಲ್ಲಿದ್ದಂತೆ ಐದು ಮಕ್ಕಳ ಮೇಲೆ ಹಂಚಿದರೆ 3,000. ಬರೀ ಇಲ್ಲೇ 1,300ಕ್ಕಿಂತ ಜಾಸ್ತಿ ವ್ಯತ್ಯಾಸ ಬಂತು. ಯಾರಾದರೂ ತುಂಬಾ ಕಡಿಮೆ ಫೀಸು ಹೇಳಿ, ನಾಲ್ಕು ಮಕ್ಕಳಿಗೆ ಒಬ್ಬರು ಇದ್ದಾರೆ ಅಂದರೆ ಈ ಲೆಕ್ಕ ಹಾಕಿ ನೋಡಿ, ಕೂಡುವುದಿಲ್ಲ.

ಮೊದಲನೆಯ ಕಡೆ "ಐದು ಮಕ್ಕಳಿಗೆ ಒಬ್ಬರು" ಅಂತಲೇ ಹೇಳಿದ್ದರು. ಸುಳ್ಳಲ್ಲ, ಆದರೆ ಎಣಿಸಿದ ರೀತಿ ಬೇರೆ. ಹದಿನೆಂಟು ಮಕ್ಕಳು. ಜನ ನಾಲ್ವರು: ಇಬ್ಬರು ಆಯಾ, ಒಬ್ಬರು ಅಡುಗೆಮನೆ ನೋಡಿಕೊಂಡು ನೆಲ ಒರೆಸುವವರು, ಇನ್ನೊಬ್ಬರು ಮಾಲೀಕರು. ಮಾಲೀಕರು ಫೋನಿನಲ್ಲೇ ಇರುತ್ತಿದ್ದರು. ಮಕ್ಕಳನ್ನು ಎತ್ತುವ ಕೈ ಇಬ್ಬರದ್ದೇ. ಅಂದರೆ ಒಬ್ಬರಿಗೆ ಒಂಬತ್ತು ಮಕ್ಕಳು. ಕೆಲಸದ ಜಾಗದ ಶಿಶುಪಾಲನಾ ಕೇಂದ್ರಗಳಿಗೆ ಅಂತ ಕೇಂದ್ರ ಸರ್ಕಾರ ಮಾಡಿದ 2018ರ ಮಾರ್ಗಸೂಚಿಯಲ್ಲೂ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ತರಬೇತಿ ಪಡೆದ ಒಬ್ಬರು ಅಂತಿದೆ, ಬರೀ ಎಣಿಕೆ ನೋಡಿದರೆ ಇವರು ಅದನ್ನು ಮೀರಿರಲಿಲ್ಲ. ಆದರೆ ಹದಿನಾಲ್ಕು ತಿಂಗಳ ಮಗು ಮತ್ತು ಎರಡೂ ಮುಕ್ಕಾಲು ವರ್ಷದ ಮಗು ಒಂದೇ ಲೆಕ್ಕಕ್ಕೆ ಬರುತ್ತಾರಾ, ಹೇಳಿ?

ನನಗೆ ಇದು ಗೊತ್ತಾದದ್ದು ಡೈಪರಿನಿಂದ. ಬೆಳಿಗ್ಗೆ ಬ್ಯಾಗಿನಲ್ಲಿ ನಾಲ್ಕು ಇಡುತ್ತಿದ್ದೆ. ಮೊದಲ ತಿಂಗಳು ಸಂಜೆ ಒಂದು ಉಳಿದಿರುತ್ತಿತ್ತು, ಸರಿಯಾಗೇ ಇತ್ತು. ಮೂರನೇ ತಿಂಗಳಿಂದ ಎರಡು, ಕೆಲವು ದಿನ ಮೂರು ಉಳಿಯತೊಡಗಿತು. ಒಂಬತ್ತು ಗಂಟೆಯಲ್ಲಿ ಒಂದೇ ಸಲ ಬದಲಿಸಿದ್ದಾರೆ. ಮನೆಗೆ ಬಂದಾಗ ಡೈಪರ್ ಜೋತುಬಿದ್ದಿರುತ್ತಿತ್ತು, ತೊಡೆ ಸಂದಿ ಕೆಂಪಗೆ. ಕೇಳಿದರೆ "ಅವಳು ಮಾಡೋದೇ ಇಲ್ಲ ಮೇಡಂ" ಅಂದರು. ಆಮೇಲೆ ತಿಳಿಯಿತು, ಆ ತಿಂಗಳೇ ಆರು ಹೊಸ ಮಕ್ಕಳು ಸೇರಿದ್ದರಂತೆ. ಆಯಾ ಮಾತ್ರ ಅದೇ ಇಬ್ಬರು. ಆಯಾನ ಬೈದು ಪ್ರಯೋಜನವಿರಲಿಲ್ಲ, ಆಕೆ ಇಡೀ ದಿನ ಕೂತಿದ್ದನ್ನೇ ನಾನು ನೋಡಿಲ್ಲ.

ದೊಡ್ಡ ಡೇಕೇರಿಗೆ ಬದಲಿಸುವಾಗ ನಾನು ಒಂದು ಉಪಾಯ ಮಾಡಿದೆ. ಬೆಳಿಗ್ಗೆ ಹನ್ನೊಂದಕ್ಕೆ ಕರೆದು ತೋರಿಸಿದರು, ಬಣ್ಣಬಣ್ಣದ ಚಾಪೆ, ನಾಲ್ಕೈದು ಮಕ್ಕಳಿಗೆ ಒಬ್ಬರು, ಎಲ್ಲಾ ಚೆನ್ನಾಗಿತ್ತು. ಅಡ್ಮಿಶನ್ ಫೀ ಕಟ್ಟುವ ಮೊದಲು "ಏನೋ ಒಂದು ಫಾರ್ಮ್ ಬಿಟ್ಟೆ" ಅಂತ ಹೇಳಿ ಸಂಜೆ 5:45ಕ್ಕೆ ಮತ್ತೆ ಹೋದೆ. ಬೆಳಿಗ್ಗೆ 8:30ಕ್ಕೆ ಬಂದ ಆಯಾಗಳು ಐದಕ್ಕೆ ಹೊರಟುಬಿಟ್ಟಿದ್ದರು. ಎಲ್ಲ ವಯಸ್ಸಿನ ಉಳಿದ ಮಕ್ಕಳನ್ನು ಒಂದೇ ಕೋಣೆಗೆ ಸೇರಿಸಿ ಟಿವಿ ಹಾಕಿದ್ದರು. ಹನ್ನೊಂದು ಮಕ್ಕಳು, ಒಬ್ಬರೇ ಆಂಟಿ. ಕಾರಣ ಸುಲಭ: ಡೇಕೇರ್ ತೆರೆದಿರುವುದು ಹತ್ತು ಗಂಟೆ, ಒಬ್ಬರ ಶಿಫ್ಟು ಎಂಟೂವರೆ. ಕೊನೆಯ ಒಂದೂವರೆ ಗಂಟೆಗೆ ಇನ್ನೊಬ್ಬರನ್ನು ಇಟ್ಟುಕೊಳ್ಳುವುದೋ ಬೇಡವೋ ಎಂಬುದು ಅವರವರ ಇಷ್ಟ. ನಾನು ಕೇಳಿದ್ದಕ್ಕೆ, ಮೂರ್ನಾಲ್ಕು ಪೋಷಕರು ಸೇರಿ ಒತ್ತಾಯಿಸಿದ ಮೇಲೆ, 10:30ಕ್ಕೆ ಬಂದು 7ಕ್ಕೆ ಹೋಗುವ ಇನ್ನೊಬ್ಬರನ್ನು ಹಾಕಿದರು. ಸಂಜೆ ಆರರ ನಂತರ ಕರೆದುಕೊಂಡು ಹೋಗುವವರು "ಎಷ್ಟು ಮಕ್ಕಳಿಗೆ ಒಬ್ಬರು" ಅಂತ ಕೇಳಿದರೆ ಸಾಲದು, "ಆರು ಗಂಟೆಗೆ ಎಷ್ಟು ಮಕ್ಕಳಿಗೆ ಒಬ್ಬರು" ಅಂತ ಕೇಳಬೇಕು.

ಊಟದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2,800ರಲ್ಲಿ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಹಣ್ಣು ಅಥವಾ ಬಿಸ್ಕತ್ತು. 22 ದಿನಕ್ಕೆ ದಿನಕ್ಕೆ 127 ರೂಪಾಯಿ. ವಾರದ ಪಟ್ಟಿ ವಾಟ್ಸಾಪಿನಲ್ಲಿ ಚೆಂದವಾಗಿ ಬರುತ್ತದೆ, ಅದರಲ್ಲಿ ಮೊಸರನ್ನ ಮೂರು ಸಲ. ಬಿಸಿಬೇಳೆಬಾತ್ ದಿನ ಮಗಳು ಮುಟ್ಟುವುದಿಲ್ಲ, ಖಾರ. ಆ ದಿನ ಡಬ್ಬಿ ಕಳಿಸುತ್ತೇನೆ, ದುಡ್ಡು ಕಡಿಮೆಯಾಗುವುದಿಲ್ಲ. ಜ್ವರ ಬಂದು ಮನೆಯಲ್ಲಿದ್ದರೂ ಅಷ್ಟೆ. ಸತತ ಐದು ದಿನಕ್ಕಿಂತ ಹೆಚ್ಚು ರಜೆ ಹಾಕಿ, ಮೊದಲೇ ತಿಳಿಸಿದರೆ ಮಾತ್ರ ಊಟದ ಹಣ ವಾಪಸ್. ಅತ್ತೆ ಊರಿಂದ ಬಂದಿದ್ದಾಗ ಒಂದು ಸಲ ಮಾತ್ರ ಸಿಕ್ಕಿತು. ಆದರೂ ಬೆಳಿಗ್ಗೆ ಏಳಕ್ಕೆ ಡಬ್ಬಿ ಕಟ್ಟುವ ಗಡಿಬಿಡಿ ತಪ್ಪಿತಲ್ಲ, ಅದಕ್ಕೆ ನಾನು ಒಪ್ಪಿಕೊಂಡಿದ್ದೇನೆ.

ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಎರಡೂವರೆ ವರ್ಷ ತುಂಬುತ್ತಿದ್ದಂತೆ ಮಗಳನ್ನು ದೊಡ್ಡ ಮಕ್ಕಳ ಕೋಣೆಗೆ ಕಳಿಸಿದರು. ಅಲ್ಲಿ ಎಂಟು ಮಕ್ಕಳಿಗೆ ಒಬ್ಬರು. ಫೀಸು ಮಾತ್ರ ಅದೇ 14,500. ನಾಲ್ಕು ತಿಂಗಳು ನನ್ನ ಗಮನಕ್ಕೇ ಬರಲಿಲ್ಲ. ಬಂದ ಮೇಲೆ ಹೋಗಿ ಕೇಳಿದೆ, ಒಂದು ಸಾವಿರ ಇಳಿಸಿದರು. ಹಿಂದಿನ ನಾಲ್ಕು ತಿಂಗಳದ್ದು ಕೊಡಲಿಲ್ಲ.

ಈಗ ಬೆಳಿಗ್ಗೆ ಮಾಂಟೆಸ್ಸರಿಗೆ ಹೋಗುತ್ತಾಳೆ. ಡೇಕೇರಿನಲ್ಲಿ 1:30ರಿಂದ 6:30, ಐದು ಗಂಟೆ. ಅರ್ಧ ಹೊತ್ತು ಅಂದರೆ ಅರ್ಧ ಫೀಸು ಅಂತ ಯಾರೂ ಎಣಿಸಬೇಡಿ. 9,000 ಕಟ್ಟುತ್ತಿದ್ದೇವೆ, ಊಟವಿಲ್ಲ. 22 ದಿನಕ್ಕೆ ಗಂಟೆಗೆ 82 ಬೀಳುತ್ತದೆ. ಬೆಳಿಗ್ಗೆ ಅವಳ ಜಾಗ ಖಾಲಿ ಬಿದ್ದಿರುತ್ತದೆ ಅಂತ ಅವರ ವಾದ. ಬೆಳಿಗ್ಗೆ ಆ ಜಾಗದಲ್ಲಿ ಬೇರೆ ಮಗು ಇರುತ್ತದೆ ಎನ್ನುವುದು ನನ್ನ ವಾದ. ಇನ್ನೂ ತೀರ್ಮಾನವಾಗಿಲ್ಲ.

ಡೈಪರ್ ಕಾಲ ಮುಗಿಯಿತು. ಈಗ ಸಂಜೆ ನೀರಿನ ಬಾಟಲಿ ನೋಡುತ್ತೇನೆ. ನಿನ್ನೆ ಕಳಿಸಿದಷ್ಟೂ ಹಾಗೇ ವಾಪಸ್ ಬಂದಿತ್ತು. ಇವತ್ತು ಹೋದಾಗ ಕೋಣೆಯಲ್ಲಿ ತಲೆ ಎಣಿಸಬೇಕು.