ನಾಲ್ಕು ವರ್ಷ, ಏಳು ಪರೀಕ್ಷೆ, ಒಂದು ಮುಳುಗಿದ ಶುಲ್ಕ

ಒಂದೇ ಪರೀಕ್ಷಾ ಸಂಸ್ಥೆಯ ಪೋರ್ಟಲ್‌ನಲ್ಲಿ ನಾಲ್ಕು ವರ್ಷದಿಂದ ಸರ್ಟಿಫಿಕೇಶನ್ ಪರೀಕ್ಷೆ ಬುಕ್ ಮಾಡುತ್ತಿದ್ದೇನೆ. ಬುಕಿಂಗ್ ಬಗ್ಗೆ ದೂರಿಲ್ಲ. ದಿನಾಂಕ ಆರಿಸಿ, ದುಡ್ಡು ಕಟ್ಟಿದರೆ ಐದು ನಿಮಿಷದಲ್ಲಿ ದೃಢೀಕರಣದ ಮೇಲ್ ಬರುತ್ತದೆ. ಎಡವಟ್ಟಾಗುವುದು ದಿನಾಂಕ ಬದಲಿಸಲು ಹೊರಟಾಗ.

ನನ್ನ ನಾಲ್ಕನೇ ಪರೀಕ್ಷೆ ಶನಿವಾರ ಬೆಳಿಗ್ಗೆ 9:30ಕ್ಕಿತ್ತು. ಗುರುವಾರ ರಾತ್ರಿಯೇ ಜ್ವರ. ‘ಒಂದು ದಿನ ಮುಂಚೆ ಬದಲಿಸಿದರೆ ಸಾಕಲ್ಲ’ ಎಂದುಕೊಂಡು ಮಲಗಿದೆ. ಶುಕ್ರವಾರ 10:10ಕ್ಕೆ ಲಾಗಿನ್ ಆದರೆ Reschedule ಬಟನ್ನೇ ಇಲ್ಲ. ನಿಯಮದಲ್ಲಿದ್ದದ್ದು ‘24 ಗಂಟೆ’, ನಾನು ಓದಿಕೊಂಡದ್ದು ‘ಒಂದು ದಿನ’. ಗಡುವು 9:30ಕ್ಕೇ ಮುಗಿದಿತ್ತು. ಬರೀ ನಲವತ್ತು ನಿಮಿಷಕ್ಕೆ ಪೂರ್ತಿ ಶುಲ್ಕ ಹೋಯಿತು, ಮಾರನೇ ದಿನ ಖಾತೆಯಲ್ಲಿ No Show ಎಂದು ಬಿತ್ತು.

ವೈದ್ಯರ ಚೀಟಿ ಕಳಿಸಿದೆ. ಸಹಾಯವಾಣಿಯವರು ಸಭ್ಯವಾಗಿಯೇ ಹೇಳಿದ್ದು ಇಷ್ಟು: ವಿನಾಯಿತಿ ಕೊಡುವುದು ಪರೀಕ್ಷೆ ನಡೆಸುವ ನಮ್ಮ ಕೈಯಲ್ಲಿಲ್ಲ, ಸರ್ಟಿಫಿಕೇಟ್ ಕೊಡುವ ಸಂಸ್ಥೆ ತೀರ್ಮಾನಿಸಬೇಕು. ಅಲ್ಲಿಂದ ಬಂದ ಉತ್ತರ ‘ಇಲ್ಲ’. ಜ್ವರ ಬಂದ ರಾತ್ರಿಯೇ ಎರಡು ಕ್ಲಿಕ್ ಮಾಡಿದ್ದರೆ ಈ ಪತ್ರವ್ಯವಹಾರವೇ ಬೇಕಿರಲಿಲ್ಲ.

ಪೋರ್ಟಲ್ ಒಂದೇ ಆದರೂ ನಿಯಮ ಒಂದೇ ಅಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನ ಪರೀಕ್ಷೆಯನ್ನು 24 ಗಂಟೆ ಮುಂಚಿನವರೆಗೆ ಪುಕ್ಕಟೆ ಮುಂದೂಡಬಹುದು, ಆದರೆ ಎರಡೇ ಸಲ. ಪ್ರಾಜೆಕ್ಟ್ ನಿರ್ವಹಣೆಯ ಪಿಎಂಪಿ ಪರೀಕ್ಷೆಯಲ್ಲಾದರೆ ಕೊನೆಯ 30 ದಿನದೊಳಗೆ ಬದಲಿಸಿದರೆ ದಂಡದ ಶುಲ್ಕ, ಕೊನೆಯ 48 ಗಂಟೆಯಲ್ಲಾದರೆ ಕಟ್ಟಿದ್ದೆಲ್ಲ ಹೋದಂತೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಕೆಟ್ಟಿರಿ. ಹಾಗಾಗಿ ಈಗ ಬುಕ್ ಮಾಡಿದ ತಕ್ಷಣ, ಪರೀಕ್ಷೆಯ ಸಮಯಕ್ಕಲ್ಲ, ಗಡುವಿಗೆ ನಾಲ್ಕು ಗಂಟೆ ಮುಂಚೆ ಅಲಾರಂ ಇಡುತ್ತೇನೆ.

ಇನ್ನೊಂದು ಮಾತು, Cancel ಒತ್ತಿ ಹೊಸದಾಗಿ ಬುಕ್ ಮಾಡುವ ಅಭ್ಯಾಸ ಬಿಡಿ. Reschedule ಒತ್ತಿದರೆ ಹೊಸ ಸ್ಲಾಟ್ ಖಚಿತವಾಗುವವರೆಗೆ ಹಳೆಯದು ನಿಮ್ಮದೇ, ದುಡ್ಡೂ ಅಲ್ಲೇ ಇರುತ್ತದೆ. ರದ್ದು ಮಾಡಿದರೆ ಸ್ಲಾಟ್ ಆಗಲೇ ಹೋಯಿತು, ಮರುಪಾವತಿಗೆ ಮಾತ್ರ ದಿನಗಟ್ಟಲೆ ಕಾಯಬೇಕು.

ದುಡ್ಡಿನ ಬದಲು ವೋಚರ್ ಕೋಡ್ ಹಾಕಿ ಬುಕ್ ಮಾಡಿದ್ದರೆ ಅದರ ಕೊನೆಯ ದಿನಾಂಕವನ್ನೂ ನೋಡಿ. ನನ್ನ ಆರನೇ ಪರೀಕ್ಷೆಯನ್ನು ಮುಂದೂಡಲು ಹೋದಾಗ ಮುಂದಿನ ತಿಂಗಳ ಯಾವ ಸ್ಲಾಟನ್ನೂ ಪೋರ್ಟಲ್ ಒಪ್ಪಲಿಲ್ಲ. ವೋಚರ್ ಅವಧಿ ಮುಗಿಯುವ ಮೊದಲು ಬುಕ್ ಮಾಡಿದರೆ ಸಾಲದು, ಪರೀಕ್ಷೆಯೇ ಮುಗಿದಿರಬೇಕಂತೆ. ಕೊನೆಗೆ ಅರ್ಧಂಬರ್ಧ ಓದಿಕೊಂಡೇ ಹೋಗಿ ಕೂತೆ. ಹೇಗೋ ಪಾಸಾಯಿತು.