ಸೈಲೆನ್ಸರ್ ಎಡಗಡೆ ಇತ್ತು, ನಮ್ಮ ಕಣ್ಣಿಗೆ ಬೀಳಲಿಲ್ಲ

ಸೆಕೆಂಡ್ ಹ್ಯಾಂಡ್ ಗಾಡಿಗೆ ಅಡ್ವಾನ್ಸ್ ಕಳಿಸೋಕೆ ಹೊರಟಿದ್ದರೆ ಒಂದು ನಿಮಿಷ ನಿಂತು ಇದನ್ನು ಓದಿ. ನನ್ನ ತಮ್ಮ 7,600 ರೂಪಾಯಿ ಕಳ್ಕೊಂಡ. "ಫೋಟೊ ಸರ್ಚ್ ಮಾಡಿದ್ವಿ, ಎಲ್ಲೂ ಸಿಗಲಿಲ್ಲ, ಅಸಲಿಯೇ ಇರಬೇಕು" ಅಂತ ಧೈರ್ಯ ಹೇಳಿದವನು ನಾನು. ಅದೇ ಹೊಟ್ಟೆ ಉರಿಸುತ್ತಿರೋದು.

ಬಿಳಿ ಆಕ್ಟಿವಾ, 32,000. ಮಾರುವವನು ಸೈನಿಕನಂತೆ, ವರ್ಗ ಆಗಿದೆಯಂತೆ, ಗಾಡಿ ಕ್ಯಾಂಪ್ ಒಳಗಿದೆಯಂತೆ. ಗೇಟ್ ಪಾಸ್‌ಗೆ 2,100. ಆಮೇಲೆ ಸಾಗಾಟಕ್ಕೆ 5,500, "ಗಾಡಿ ಕೈಗೆ ಬಂದಾಗ ವಾಪಸ್". ಮುಂದಿನದು ನಿಮಗೆ ಗೊತ್ತೇ ಇದೆ.

ಎಡವಿದ್ದು ಎಲ್ಲಿ ಅಂದರೆ, ವಾಟ್ಸಾಪ್‌ನಲ್ಲಿ ಬಂದ ಐದು ಫೋಟೊಗಳಲ್ಲಿ ಒಂದನ್ನು ಮಾತ್ರ ಗೂಗಲ್ ಲೆನ್ಸ್‌ಗೆ ಹಾಕಿದ್ವಿ. ಲೆನ್ಸ್ ತಾನಾಗಿ ಗಾಡಿಯ ಸುತ್ತ ಚೌಕ ಹಾಕಿ, ಅಂಥದ್ದೇ ಬಿಳಿ ಗಾಡಿಗಳನ್ನು ಸಾಲಾಗಿ ತೋರಿಸಿತು. ಅವು ಅದೇ ಥರದ ಗಾಡಿಗಳು ಅಷ್ಟೇ, ಅದೇ ಫೋಟೊ ಅಲ್ಲ. ಈ ಎರಡನ್ನು ಬೆರೆಸಬೇಡಿ. ಚೌಕದ ಮೂಲೆಗಳನ್ನು ಎಳೆದು ಇಡೀ ಚಿತ್ರ, ಹಿಂದಿನ ಗೋಡೆ, ನೆಲದ ಟೈಲ್ಸ್ ಎಲ್ಲ ಒಳಗೆ ಬರುವಂತೆ ಮಾಡಿ, ಆಮೇಲೆ Exact matches ಒತ್ತಬೇಕು. ಸ್ಕ್ರೀನ್‌ಶಾಟ್ ಆಗಿದ್ದರೆ ಮೇಲಿನ ಗಡಿಯಾರ, ಬ್ಯಾಟರಿ ಪಟ್ಟಿಯನ್ನೆಲ್ಲ ಮೊದಲೇ ಕತ್ತರಿಸಿ.

ಹೀಗೆ ಮಾಡಿದಾಗಲೂ ಏನೂ ಬರಲಿಲ್ಲ. ಯಾಕೆ? ಆ ಕಳ್ಳ ಫೋಟೊವನ್ನು ಕನ್ನಡಿಯಲ್ಲಿ ಕಂಡಂತೆ ಎಡ-ಬಲ ತಿರುಗಿಸಿದ್ದ! ತಿರುಗಿಸಿದ ಚಿತ್ರ ಸರ್ಚ್‌ನ ಕಣ್ಣಿಂದ ಹಲವು ಸಲ ತಪ್ಪಿಸಿಕೊಳ್ಳುತ್ತದೆ. ಅಕ್ಷರ ಉಲ್ಟಾ ಕಂಡರೆ ಸಿಕ್ಕಿಬೀಳ್ತೀನಿ ಅಂತ ಗಾಡಿಯ ಪಕ್ಕದಲ್ಲಿದ್ದ ಹೆಸರಿನ ಮೇಲೆ "ಸಿಂಗಲ್ ಓನರ್" ಅನ್ನೋ ಪಟ್ಟಿ ಅಂಟಿಸಿದ್ದ, ನಂಬರ್ ಪ್ಲೇಟ್‌ಗೆ ಬಿಳಿ ಬಳಿದಿದ್ದ. ಪ್ಲೇಟ್ ಮುಚ್ಚೋದು ಎಲ್ಲರೂ ಮಾಡ್ತಾರಲ್ಲ, ಅನುಮಾನ ಬರಲಿಲ್ಲ.

ದುಡ್ಡು ಹೋದ ಮೇಲೆ ಪಕ್ಕದ ಗ್ಯಾರೇಜಿನವರಿಗೆ ತೋರಿಸಿದ್ದಷ್ಟೇ, ಅವರು ಕೇಳಿದರು: "ಏನ್ರೀ ಇದು, ಸೈಲೆನ್ಸರ್ ಎಡಕ್ಕೆ ಇದೆಯಲ್ಲ?" ಆಕ್ಟಿವಾದ ಸೈಲೆನ್ಸರ್ ಬಲಗಡೆ, ಕಿಕ್ಕರ್ ಮತ್ತು ಸೈಡ್ ಸ್ಟ್ಯಾಂಡ್ ಎಡಗಡೆ. ದಿನಾ ಓಡಿಸೋ ಗಾಡಿ! ಫೋನಿನ ಎಡಿಟ್‌ನಲ್ಲಿ ತಿರುಗಿಸುವ ಗುರುತು ಒತ್ತಿ, ಮತ್ತೆ ಲೆನ್ಸ್‌ಗೆ ಹಾಕಿದೆವು. ಮೊದಲ ಸಾಲಲ್ಲೇ ಬಂತು, ಬೇರೆ ರಾಜ್ಯದ ಗಾಡಿ ವ್ಯಾಪಾರಿಯೊಬ್ಬರ ಹಳೆ ಜಾಹೀರಾತು. ಅದೇ ಟೈಲ್ಸ್, ಅದೇ ನೀಲಿ ಬಕೆಟ್ಟು, ಪ್ಲೇಟ್ ಮೇಲೆ ಬೇರೆ ರಾಜ್ಯದ ಅಕ್ಷರ.

ಹಾಗಾಗಿ ಪ್ರತಿ ಫೋಟೊವನ್ನೂ ಎರಡು ಸಲ ಹುಡುಕಿ, ಇದ್ದಂತೆ ಒಮ್ಮೆ, ತಿರುಗಿಸಿ ಒಮ್ಮೆ. ಐದರಲ್ಲಿ ನಾಲ್ಕು ಎಲ್ಲೂ ಸಿಗದೆ ಒಂದೇ ಸಿಕ್ಕರೂ ಸಾಕು. ಆಮೇಲೆ tineye.com ನಲ್ಲೂ ಹಾಕಿ. ಅದು ಹೋಲಿಕೆಯ ಚಿತ್ರಗಳನ್ನು ತೋರಿಸಲ್ಲ, ಅದೇ ಚಿತ್ರದ ನಕಲುಗಳನ್ನು ಮಾತ್ರ ಹುಡುಕುತ್ತೆ. Oldest ಅಂತ ವಿಂಗಡಿಸಿದರೆ ಆ ಸೈಟಿನ ಕಣ್ಣಿಗೆ ಮೊಟ್ಟಮೊದಲು ಬಿದ್ದ ಪುಟ ಮೇಲೆ ಬರುತ್ತೆ. ಆ ತಾರೀಖು ಫೋಟೊ ತೆಗೆದ ದಿನವಲ್ಲ, ಆದರೆ "ನಿನ್ನೆ ತೆಗೆದಿದ್ದು ಸರ್" ಅನ್ನೋನ ಬಾಯಿ ಮುಚ್ಚಿಸೋಕೆ ಸಾಕು.

ಅವನ ಡಿಪಿ, ಸಮವಸ್ತ್ರದ ಫೋಟೊ. ಅದನ್ನು ಸೇವ್ ಮಾಡೋಕೆ ಬಿಡಲ್ಲ, ದೊಡ್ಡದು ಮಾಡಿ ಸ್ಕ್ರೀನ್‌ಶಾಟ್ ಹೊಡೆಯೋ ಪ್ರಯತ್ನ ಮಾಡಿ, ಆಗದಿದ್ದರೆ ಇನ್ನೊಂದು ಫೋನಿನಿಂದ ತೆಗೀರಿ. ಮುಖದ ಫೋಟೊಗೆ ಲೆನ್ಸ್ ಅಷ್ಟಾಗಿ ಉಪಯೋಗಕ್ಕೆ ಬರಲ್ಲ, ಯಾಂಡೆಕ್ಸ್ ಅನ್ನೋ ಸರ್ಚ್ ಸೈಟು ಎಷ್ಟೋ ಮೇಲು. ನಮಗೆ ಅದೇ ಮುಖ ಬೇರೆ ಹೆಸರಲ್ಲಿ ಸಿಕ್ಕಿತು. ಕೋಪದಲ್ಲಿ ಆ ಫೋಟೊವನ್ನು "ಇವನೇ ಕಳ್ಳ" ಅಂತ ಗ್ರೂಪಿಗೆ ಹಾಕೋಕೆ ಹೋಗಿದ್ದ ತಮ್ಮ, ತಡೆದೆ. ಆ ಮುಖದ ಯಜಮಾನನೂ ನಮ್ಮಂತೆ ಮೋಸ ಹೋದವನೇ.

ಸರ್ಚ್‌ನಲ್ಲಿ ಏನೂ ಸಿಗದಿದ್ದರೆ ಅಸಲಿ ಅಂತ ಅರ್ಥ ಅಲ್ಲ, ಇದನ್ನು ಇನ್ನೊಂದು ಸಲ ಹೇಳ್ತೀನಿ. ವಾಟ್ಸಾಪ್ ಗ್ರೂಪು, ಖಾಸಗಿ ಖಾತೆಗಳಿಂದ ಕದ್ದ ಫೋಟೊ ಸರ್ಚ್‌ಗೆ ಕಾಣೋದೇ ಇಲ್ಲ. ಹಾಗಾದಾಗ ಒಂದೇ ದಾರಿ: ಚೀಟಿಯಲ್ಲಿ ನಿಮ್ಮ ಹೆಸರು, ಇವತ್ತಿನ ತಾರೀಖು ಬರೆದು ಗಾಡಿಯ ಸೀಟಿನ ಮೇಲಿಟ್ಟು ಫೋಟೊ ಕಳಿಸು ಅನ್ನಿ. ನಾವೂ ಕೊನೆಗೆ ಕೇಳಿದೆವು. "ಕ್ಯಾಂಪ್ ಒಳಗೆ ಫೋಟೊ ನಿಷೇಧ" ಅಂದ. ಹಾಗಾದರೆ ಮೊದಲಿನ ಐದು ಹೇಗೆ ತೆಗೆದೆ? "ಸೈನಿಕನ ಮೇಲೂ ನಂಬಿಕೆ ಇಲ್ವಾ ಸರ್?"

ಹಳೆ ಜಾಹೀರಾತಿನ ಲಿಂಕ್ ಕಳಿಸಿದಾಗ ಬಂದ ಉತ್ತರ ಕೇಳಿ. "ಅದೂ ನನ್ನದೇ ಗಾಡಿ ಸರ್." ಆಮೇಲೆ ಬ್ಲಾಕ್. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇವೆ. ಮಾರನೇ ದಿನ ಅದೇ ಆಕ್ಟಿವಾ ಹುಬ್ಬಳ್ಳಿಯ ಜಾಹೀರಾತಿನಲ್ಲಿ 29,000ಕ್ಕೆ ನಿಂತಿತ್ತು, ಸೈಲೆನ್ಸರ್ ಇನ್ನೂ ಎಡಕ್ಕೇ.