ನೆಲದ ಮೇಲೆ ಬೀಳದ ಲೀಕು: ಮೈಸೂರಿನ ಒಂದು ಗ್ಯಾರೇಜಿನ ಕೆಲಸ, ಎಂಟು ತಿಂಗಳ ಬಳಕೆಯ ನಂತರ

ಕೂಲೆಂಟ್ ಕಮ್ಮಿಯಾಗುತ್ತಿದ್ದ ಕಾರನ್ನು ಒಂದೇ ಗ್ಯಾರೇಜಿಗೆ ಎರಡು ಸಲ ಬಿಟ್ಟೆ. ಮೊದಲ ಸಲ ಮಾಡಿದ ಕೆಲಸ ನಿಲ್ಲಲಿಲ್ಲ, ಎರಡನೇ ಸಲದ್ದು ಇವತ್ತಿನವರೆಗೂ ನಿಂತಿದೆ. ಗ್ಯಾರೇಜು ಬನ್ನಿಮಂಟಪದ ಕಡೆಯದು, ಕಂಪನಿ ಸರ್ವಿಸ್ ಸೆಂಟರ್ ಅಲ್ಲ, ನಾಲ್ಕೈದು ಹುಡುಗರಿರುವ ಖಾಸಗಿ ಗ್ಯಾರೇಜು. ಕಾರು ಸೆಕೆಂಡ್ ಹ್ಯಾಂಡಲ್ಲಿ ತೆಗೆದುಕೊಂಡ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕು. ಮೈಸೂರಿಂದ ಮಂಡ್ಯಕ್ಕೆ ಕೆಲಸಕ್ಕೆ ಹೋಗಿಬರುವುದೆಲ್ಲ ಅದರಲ್ಲೇ.

ತೊಂದರೆ ಕಾಣಿಸಿಕೊಂಡದ್ದು ಕೂಲೆಂಟ್ ಡಬ್ಬಿಯಲ್ಲಿ. ಮೇಲಿನ ಗೆರೆಯವರೆಗೆ ತುಂಬಿದರೆ ಕೆಲವೇ ವಾರಗಳಲ್ಲಿ ಕೆಳಗಿನ ಗೆರೆಗೆ ಇಳಿಯುತ್ತಿತ್ತು. ಆದರೆ ನಿಲ್ಲಿಸುವ ಜಾಗದಲ್ಲಿ ಒಂದು ಹನಿಯೂ ಇರುತ್ತಿರಲಿಲ್ಲ. ಸಮತಟ್ಟು ರಸ್ತೆಯಲ್ಲಿ ಟೆಂಪರೇಚರ್ ಮುಳ್ಳು ತನ್ನ ಜಾಗದಲ್ಲೇ ಇರುತ್ತಿತ್ತು, ಎಸಿ ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತಿದರೆ ಅರ್ಧ ದಾಟಿ ಮೇಲೇರುತ್ತಿತ್ತು.

ಮೊದಲ ಸಲ ಗ್ಯಾರೇಜಿನವರು ಬಾನೆಟ್ ಎತ್ತಿ, ಹೋಸ್ ಪೈಪುಗಳನ್ನು ಹಿಸುಕಿ ನೋಡಿ, ಐದೇ ನಿಮಿಷದಲ್ಲಿ ತೀರ್ಮಾನ ಹೇಳಿದರು: "ಥರ್ಮೋಸ್ಟ್ಯಾಟ್ ಹೋಗದೆ ಸಾರ್, ಮೇಲಿನ ಹೋಸೂ ಹಳೇದಾಗದೆ. ಎರಡೂ ಚೇಂಜ್ ಮಾಡ್ಕೊಟ್ರೆ ಮುಗೀತು ಬುಡಿ." ಸಂಜೆಗೆ ಕಾರು ಕೈಗೆ ಬಂತು. ಬೇಗ ಆಯಿತೆಂಬ ಖುಷಿಯೇನೋ ಇತ್ತು, ಬಿಲ್ಲು ಮಾತ್ರ ಕೈಬರಹದ ಒಂದು ಚೀಟಿ. "ಕೂಲಿಂಗ್ ಸಿಸ್ಟಂ ರಿಪೇರಿ" ಅಂತ ಒಂದು ಸಾಲು, ಮುಂದೆ 3,400 ರೂಪಾಯಿ. ಅದರಲ್ಲಿ ಪಾರ್ಟುಗಳಿಗೆಷ್ಟು, ಕೂಲೆಂಟಿಗೆಷ್ಟು, ಲೇಬರ್ ಎಷ್ಟು ಎಂಬುದು ಆ ಚೀಟಿಯಿಂದ ಯಾರಿಗೂ ತಿಳಿಯುವಂತಿರಲಿಲ್ಲ. ಹಳೇ ಪಾರ್ಟು ಕೇಳಿದಾಗ ಮಾತ್ರ ತಕರಾರಿಲ್ಲದೆ ಕವರಿನಲ್ಲಿ ಹಾಕಿ ಕೊಟ್ಟರು.

ಆ ಹಳೇ ಥರ್ಮೋಸ್ಟ್ಯಾಟನ್ನು ಮನೆಯಲ್ಲಿ ಪರೀಕ್ಷೆ ಮಾಡಿದೆ. ಇಂಜಿನ್ ಬಿಸಿಯಾದಾಗ ಬಾಯಿ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್ ಅದು. ಇದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ತಂಪಾಗಿರುವಾಗ ಅದರ ಬಾಯಿ ಬಿಗಿಯಾಗಿ ಮುಚ್ಚಿರಬೇಕು. ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿದರೆ, ಅದರ ಮೇಲೆ ಅಚ್ಚಾಗಿರುವ ಶಾಖದ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುವಾಗಬೇಕು, ನೀರು ಕುದಿಯುವಷ್ಟರಲ್ಲಿ ಚೆನ್ನಾಗಿ ತೆರೆದಿರಬೇಕು. ನನ್ನದರ ಮೇಲೆ 82 ಅಂತ ಇತ್ತು. ಕುದಿಯುವ ಮುಂಚೆಯೇ ಸರಿಯಾಗಿ ತೆರೆಯಿತು, ಆರಿಸಿದಾಗ ಮತ್ತೆ ಮುಚ್ಚಿತು. ಅಂದರೆ ಅವರು ತೆಗೆದು ಹಾಕಿದ್ದು ಒಳ್ಳೆಯ ಪಾರ್ಟು. ಅಲ್ಲದೆ ಥರ್ಮೋಸ್ಟ್ಯಾಟ್ ಕೆಟ್ಟು ಮುಚ್ಚಿಕೊಂಡರೆ ಇಂಜಿನ್ ಕಾಯುತ್ತದೆ, ನಿಜ. ಆದರೆ ಮುಳ್ಳು ತನ್ನ ಜಾಗದಲ್ಲಿರುವಾಗಲೂ ಕೂಲೆಂಟ್ ಖಾಲಿಯಾಗುವುದಕ್ಕೆ ಅದು ಕಾರಣವಲ್ಲ. ನಾನು ಹೇಳಿದ ಎರಡು ಲಕ್ಷಣಗಳಲ್ಲಿ ಒಂದನ್ನು ಮಾತ್ರ ಅವರು ಕಿವಿಗೆ ಹಾಕಿಕೊಂಡಿದ್ದರು.

ನಿರೀಕ್ಷಿಸಿದ ಹಾಗೆಯೇ ಮಟ್ಟ ಮತ್ತೆ ಇಳಿಯತೊಡಗಿತು. ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಕೂಲೆಂಟ್ ಖಾಲಿ ಮಾಡಿ ಹೊಸದು ತುಂಬಿದ ಮೇಲೆ ಮೊದಲ ಕೆಲವು ದಿನ ಡಬ್ಬಿಯಲ್ಲಿ ಸ್ವಲ್ಪ ಇಳಿದರೆ ಅದು ಲೀಕೇ ಆಗಬೇಕೆಂದಿಲ್ಲ. ಇಂಜಿನ್ನಿನೊಳಗೆ ಸಿಕ್ಕಿಕೊಂಡ ಗಾಳಿ ಹೊರಬಂದಂತೆ ಆ ಜಾಗಕ್ಕೆ ಡಬ್ಬಿಯ ಕೂಲೆಂಟ್ ಹೋಗುತ್ತದೆ. ಹಾಗೆ ಇಳಿದದ್ದು ಒಮ್ಮೆ ತುಂಬಿದರೆ ಅಲ್ಲಿಗೇ ನಿಲ್ಲುತ್ತದೆ. ಲೀಕಾದರೆ ನಿಲ್ಲುವುದಿಲ್ಲ. ಇದನ್ನು ಗೊತ್ತುಮಾಡಿಕೊಳ್ಳಲು ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು, ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ, ಒಂದೇ ಜಾಗದಲ್ಲಿ ನಿಲ್ಲಿಸಿ ನೋಡುತ್ತಿದ್ದೆ. ಬಿಸಿಯಿದ್ದಾಗ ಕೂಲೆಂಟ್ ಹಿಗ್ಗಿರುತ್ತದೆ, ಇಳಿಜಾರಿನಲ್ಲಿ ಮಟ್ಟ ಬೇರೆ ಕಾಣುತ್ತದೆ, ಹಾಗಾಗಿ ಬೇರೆ ಹೊತ್ತಿನಲ್ಲಿ ನೋಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಒಮ್ಮೆ ಗೆರೆಯವರೆಗೆ ತುಂಬಿದ ಮೇಲೂ ಅದು ಒಂದೇ ಸಮನೆ ಇಳಿಯುತ್ತಲೇ ಹೋಯಿತು.

2025ರ ಸೆಪ್ಟೆಂಬರ್ ಕೊನೆಯಲ್ಲಿ, ದಸರಾ ನಡುವೆ, ಮತ್ತೆ ಅಲ್ಲಿಗೇ ಹೋದೆ. ಗೆರೆ ಎಳೆದ ಡಬ್ಬಿ ತೋರಿಸಿದೆ, ಥರ್ಮೋಸ್ಟ್ಯಾಟಿನ ವಿಷಯವನ್ನೂ ಹೇಳಿದೆ. ಈ ಗ್ಯಾರೇಜಿನ ಬಗ್ಗೆ ನನಗೆ ಗೌರವ ಬಂದದ್ದು ಆಗ. ಮಾಲೀಕರು ವಾದಕ್ಕೆ ಇಳಿಯಲಿಲ್ಲ. "ಅವತ್ತು ಪ್ರೆಶರ್ ಹಾಕಿ ನೋಡ್ಬೇಕಿತ್ತು ಸಾರ್, ನೋಡ್ಲಿಲ್ಲ. ಕಾರು ರಾತ್ರಿ ಇಲ್ಲೇ ಬುಟ್ಟೋಗಿ, ಬೆಳಿಗ್ಗೆ ತಣ್ಣಗಿರೋವಾಗ ನಾನೇ ನೋಡ್ತೀನಿ" ಅಂದರು. ಮರುದಿನ ನಾನು ಹೋಗಿ ಪಕ್ಕದಲ್ಲೇ ನಿಂತು ನೋಡಿದೆ.

ಪ್ರೆಶರ್ ಟೆಸ್ಟ್ ಅಂದರೆ ರೇಡಿಯೇಟರ್ ಕ್ಯಾಪ್ ತೆಗೆದು, ಆ ಜಾಗಕ್ಕೆ ಮೀಟರ್ ಇರುವ ಕೈಪಂಪನ್ನು ಕೂರಿಸಿ ಗಾಳಿ ಹೊಡೆಯುವುದು. ಎಷ್ಟು ಹೊಡೆಯಬೇಕೆಂಬುದು ಕ್ಯಾಪಿನ ಮೇಲೆಯೇ ಬರೆದಿರುತ್ತದೆ. ನಮ್ಮದು 0.9 ಬಾರ್. ಅದನ್ನು ಮೀರಿ ಹೊಡೆದರೆ ಚೆನ್ನಾಗಿರುವ ಹೋಸೋ ರೇಡಿಯೇಟರೋ ಬಿಟ್ಟುಕೊಳ್ಳಬಹುದು. ಕಾರು ಓಡುವಾಗ ಒಳಗೆ ಏಳುವ ಒತ್ತಡವನ್ನೇ ಇಲ್ಲಿ ತಣ್ಣನೆಯ ಇಂಜಿನ್ನಿನಲ್ಲಿ ತರಲಾಗುತ್ತದೆ. ಬಿಸಿ ಇಂಜಿನ್ನಿನ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ, ತಣ್ಣನೆಯದರ ಮೇಲೆ ಹನಿ ಹನಿಯಾಗಿಯೇ ಉಳಿಯುತ್ತದೆ. ನನ್ನ ಗಾಡಿ ನಿಲ್ಲಿಸುವ ಜಾಗ ಅಷ್ಟು ದಿನ ಒಣಗಿಯೇ ಇದ್ದುದಕ್ಕೆ ಕಾರಣ ಇದೇ.

ಮೀಟರಿನ ಮುಳ್ಳು ನಿಧಾನಕ್ಕೆ ಇಳಿಯಿತು. ಹೋಸುಗಳು ಒಣಗಿದ್ದವು, ರೇಡಿಯೇಟರೂ ಒಣಗಿತ್ತು. ಟಾರ್ಚು, ಸಣ್ಣ ಕನ್ನಡಿ ಹಿಡಿದು ವಾಟರ್ ಪಂಪಿನ ಅಡಿಗೆ ನೋಡಿದಾಗ ಅಲ್ಲಿನ ಸಣ್ಣ ತೂತಿನಿಂದ ಒಂದು ಹನಿ ಇಳಿಯುತ್ತಿತ್ತು, ಸುತ್ತ ಒಣಗಿದ ಕೂಲೆಂಟಿನ ಬಣ್ಣದ ಹಕ್ಕಳೆ. ಆ ತೂತು ಬಿರುಕಲ್ಲ, ಪಂಪ್ ಮಾಡಿದವರೇ ಇಟ್ಟದ್ದು. ಒಳಗಿನ ಸೀಲ್ ಸವೆದರೆ ಕೂಲೆಂಟ್ ಬೇರಿಂಗಿಗೆ ನುಗ್ಗದೆ ಅಲ್ಲಿಂದ ಹೊರಬರಲಿ ಎಂದು. ಅದನ್ನು ಎಂ-ಸೀಲಿನಿಂದ ಮುಚ್ಚಿಕೊಡುವವರೂ ಇದ್ದಾರೆ, ಒಪ್ಪಬೇಡಿ. ಹನಿ ನಿಂತಂತೆ ಕಾಣುತ್ತದೆ, ಮುಂದೆ ಬೇರಿಂಗೇ ಹೋಗುತ್ತದೆ.

ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರಿಗೂ ಕೂಲೆಂಟಿಗೂ ನಡುವಿನ ಸೀಲು, ಸುಟ್ಟಿರಬಹುದು ಎಂದು ಮಂಡ್ಯದಲ್ಲಿ ಒಬ್ಬರು ಹೆದರಿಸಿದ್ದರು. ಅದನ್ನೂ ಕೇಳಿದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದೊಳಗೆ ಹಾಯಿಸುವ ಪರೀಕ್ಷೆ ಮಾಡಿ ತೋರಿಸಿದರು. ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತಿದ್ದರೆ ಆ ದ್ರವ ಹಳದಿಗೆ ತಿರುಗುತ್ತದೆ. ನೀಲಿಯಾಗಿಯೇ ಉಳಿಯಿತು. ಇದಕ್ಕೆ ದುಡ್ಡು ಹಾಕಲಿಲ್ಲ.

ಇಷ್ಟು ಚೆನ್ನಾಗಿ ಹುಡುಕಿದವರು ಆಮೇಲೆ ಮಾಡಿದ್ದು ಮಾತ್ರ ನನಗೆ ಈಗಲೂ ಒಪ್ಪಿಗೆಯಿಲ್ಲ. ಹೊಸ ಪಂಪ್ ಕೈಗೆ ಬರುವ ಮೊದಲೇ ಹಳೆಯದನ್ನು ಬಿಚ್ಚಿಬಿಟ್ಟರು. "ನಾಳಿದ್ದು ಸಂಜೆ ತಗೊಂಡೋಗಿ" ಅಂದರು. ಬಂದ ಪಂಪ್ ಬೇರೆ ಮಾಡೆಲಿನದು, ಪುಲಿ ಕೂರುವ ಅಳತೆ ಹೊಂದಲಿಲ್ಲ. ಅದನ್ನು ಹೇಗೋ ಕೂರಿಸದೆ ವಾಪಸ್ ಕಳಿಸಿದ್ದು ಸರಿಯಾದ ಕೆಲಸ. ಅಷ್ಟರಲ್ಲಿ ಆಯುಧಪೂಜೆ, ವಿಜಯದಶಮಿ, ಹುಡುಗರೆಲ್ಲ ಊರಿಗೆ. ಕಾರು ಸಿಕ್ಕಿದ್ದು ವಾರ ದಾಟಿದ ಮೇಲೆ. ಹಬ್ಬಕ್ಕೆ ರಜೆ ಮಾಡಿದ್ದು ತಪ್ಪಲ್ಲ. ಆದರೆ ಅಷ್ಟು ದಿನದಲ್ಲಿ ಅವರಾಗಿಯೇ ಒಂದು ಫೋನ್ ಮಾಡಲಿಲ್ಲ, ಪ್ರತಿ ಸಲವೂ ನಾನೇ ಮಾಡಬೇಕಾಯಿತು. ಹನಿ ಹನಿಯಾಗಿ ಸೋರುವ ಪಂಪಿನ ಕಾರನ್ನು ಮಟ್ಟ ನೋಡಿಕೊಂಡು, ಮುಳ್ಳಿನ ಮೇಲೆ ಕಣ್ಣಿಟ್ಟು ಊರೊಳಗೆ ಓಡಿಸಬಹುದಿತ್ತು. ಪಾರ್ಟ್ ಬಂದ ದಿನ ಕರೆದಿದ್ದರೆ ಅರ್ಧ ದಿನದ ಕೆಲಸ. ಬಿಚ್ಚಿಟ್ಟ ಕಾರನ್ನು ಮಾತ್ರ ಎಲ್ಲಿಗೂ ಒಯ್ಯಲಾಗದು. ಮಂಡ್ಯಕ್ಕೆ ಅಷ್ಟೂ ದಿನ ಬಸ್ಸೇ ಗತಿಯಾಯಿತು.

ಕೂರಿಸಿದ ಕೆಲಸ ಅಚ್ಚುಕಟ್ಟಾಗಿತ್ತು. ಹಳೇ ಗ್ಯಾಸ್ಕೆಟಿನ ಚೂರು ಬಿಡದೆ ಕೆರೆದು ಒರೆಸಿದ್ದರು. ನಮ್ಮ ಕಾರಿನ ಪಂಪ್ ತಿರುಗುವುದು ಹೊರಗಿನ ಬೆಲ್ಟಿನಿಂದ, ಹಾಗಾಗಿ ಟೈಮಿಂಗ್ ಕಡೆ ಕೈಹಾಕುವ ಪ್ರಮೇಯ ಬರಲಿಲ್ಲ. ಹಳೇ ಪಂಪಿನ ರೆಕ್ಕೆಗಳು ತುಕ್ಕು ತಿಂದು ಸಣ್ಣಗಾಗಿದ್ದವು. ಕೂಲೆಂಟ್ ಬದಲು ಬರೀ ಬೋರ್‌ವೆಲ್ ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ಹೀಗಾಗುತ್ತದೆ. ಈ ಸಲ ಡಿಸ್ಟಿಲ್ಡ್ ವಾಟರಿಗೆ ಸಮಸಮ ಕೂಲೆಂಟ್ ಬೆರೆಸಿ ತುಂಬಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಇಂಜಿನ್ ಚಾಲೂ ಇಟ್ಟು ಗಾಳಿ ತೆಗೆದರು.

ಈ ಸಲ ಬಿಲ್ಲು ಬಿಡಿಬಿಡಿಯಾಗಿ ಬೇಕೆಂದು ಮೊದಲೇ ಹೇಳಿದ್ದೆ, ಹಾಗೇ ಕೊಟ್ಟರು. ಓದಿದಾಗ ಒಂದು ತಪ್ಪು ಕಂಡಿತು. ಪಂಪಿನ ಡಬ್ಬದ ಮೇಲಿನ ಎಂಆರ್‌ಪಿ 1,850 ರೂಪಾಯಿ. ಬಿಲ್ಲಿನಲ್ಲಿ 1,850 ಹಾಕಿ, ಅದರ ಮೇಲೆ ಮತ್ತೆ ಶೇ 18ರ ಜಿಎಸ್‌ಟಿ ಸೇರಿಸಿ 2,183 ಮಾಡಿದ್ದರು. ಎಂಆರ್‌ಪಿ ಅಂದರೆ ಎಲ್ಲ ತೆರಿಗೆಯೂ ಸೇರಿದ ಬೆಲೆ. ಅದರಲ್ಲಿ ಪಂಪಿನದು ಸುಮಾರು 1,568, ತೆರಿಗೆ 282. ಮೇಲೆ ಹಾಕಿದ 333 ರೂಪಾಯಿ ಕೊಡಬೇಕಾದದ್ದೇ ಅಲ್ಲ. ಲೇಬರ್ ಮೇಲೆ ಬೇರೆಯಾಗಿ ಜಿಎಸ್‌ಟಿ ಹಾಕುವುದು ಸರಿ, ಆದರೆ ನೋಂದಣಿ ಇರುವ ಗ್ಯಾರೇಜು ಮಾತ್ರ ಹಾಕಬಹುದು. ಬಿಲ್ಲಿನ ಮೇಲೆ 15 ಅಕ್ಷರದ ಜಿಎಸ್‌ಟಿ ನಂಬರ್ ಇರಬೇಕು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಇವರದ್ದರಲ್ಲಿ ಇತ್ತು. ತೋರಿಸಿದ ಕೂಡಲೇ 333 ತೆಗೆದು ಬೇರೆ ಬಿಲ್ಲು ಮಾಡಿದರು. ಅದು ಕಂಪ್ಯೂಟರಿನಲ್ಲಿ ಪಾರ್ಟು ಸೇರಿಸುವಾಗ ಆದ ಎಡವಟ್ಟು ಅಂದರು. ನಾನು ನಂಬಿದೆ, ಆದರೆ ಡಬ್ಬ ಕೇಳಿ ಪಡೆಯದ ಗಿರಾಕಿಗೆ ಇದು ಗೊತ್ತಾಗುವುದೇ ಇಲ್ಲ. ಮೊದಲ ಸಲದ ಲೇಬರ್ ದುಡ್ಡನ್ನು ಈ ಬಿಲ್ಲಿನಲ್ಲಿ ಕಳೆದರು. ಸುಮ್ಮನೆ ಬದಲಿಸಿದ ಥರ್ಮೋಸ್ಟ್ಯಾಟಿನ ದುಡ್ಡು ಕೇಳಿದ್ದಕ್ಕೆ "ಹೊಸದು ಗಾಡೀಲೇ ಅದಲ್ಲ ಸಾರ್" ಅಂದರು. ಆ ಉತ್ತರ ನನಗೆ ಸರಿಕಾಣಲಿಲ್ಲ, ಈಗಲೂ ಸರಿಕಾಣುವುದಿಲ್ಲ.

ಇನ್ನು ತೊಂದರೆ ಮರಳಿತೇ ಎಂಬುದು. ಮೊದಲ ವಾರದಲ್ಲಿ ಮಟ್ಟ ಬೆರಳಗಲ ಇಳಿಯಿತು, ತುಂಬಿದೆ, ಆಮೇಲೆ ನಿಂತಿತು. ಎಂಟು ತಿಂಗಳಾಯಿತು, ತಣ್ಣನೆಯ ಇಂಜಿನ್ನಿನಲ್ಲಿ ನೋಡಿದಾಗಲೆಲ್ಲ ಗೆರೆಯ ಮೇಲೇ ಇದೆ. ಏಪ್ರಿಲ್ ಬಿಸಿಲಿನಲ್ಲಿ ನಾಲ್ಕು ಜನ ಕೂತು, ಎಸಿ ಹಾಕಿ, ಬೆಟ್ಟ ಹತ್ತಿದಾಗಲೂ ಮುಳ್ಳು ಅಲುಗಲಿಲ್ಲ. ಪಂಪಿನ ಅಡಿಯ ತೂತನ್ನು ಆಗಾಗ ಟಾರ್ಚ್ ಬಿಟ್ಟು ನೋಡುತ್ತೇನೆ, ಒಣಗಿದೆ. ನಡುವೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬೆಲ್ಟ್ ಕಿರ್ರೆನ್ನುತ್ತಿತ್ತು. ಪಂಪಿಗಾಗಿ ಬಿಚ್ಚಿದ ಬೆಲ್ಟನ್ನು ಮತ್ತೆ ಹಾಕುವಾಗ ಬಿಗಿ ಸಾಲದೆ ಹೋಗಿತ್ತು. ಹೋದಾಗ ನಿಂತ ಕಾಲಲ್ಲೇ ಬಿಗಿ ಮಾಡಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಮುಂದಿನ ತಿಂಗಳು ಬ್ರೇಕ್ ಪ್ಯಾಡ್ ಬದಲಿಸುವುದಿದೆ, ಅಲ್ಲಿಗೇ ಕೊಡುತ್ತೇನೆ. ಪ್ಯಾಡ್ ಅವರ ಅಂಗಡಿಗೆ ಬಂದು, ಡಬ್ಬದ ಫೋಟೋ ಫೋನಿಗೆ ಕಳಿಸಿದ ಮೇಲೆಯೇ ಕಾರು ತರುವುದೆಂದು ಮಾತಾಗಿದೆ.